ಸ್ಟ್ರೀಕ್ 120 ಆಯ್ತು, ಪರೀಕ್ಷೆ ಯಾವಾಗ ಬರೆಯೋದು?

ವಿಜಯನಗರದಿಂದ ಇಂದಿರಾನಗರಕ್ಕೆ ದಿನಾ ಮೆಟ್ರೋದಲ್ಲಿ ಓಡಾಡುವ ನಮ್ಮ ಪಕ್ಕದ ಮನೆಯ ಸೊಸೆ ಜೂನ್ 1ರಂದು ತಾನು ಜರ್ಮನ್ ಕಲಿಯುವ ಆ್ಯಪ್‌ನ ಒಂದು ಸ್ಕ್ರೀನ್‌ಶಾಟ್ ಕಳಿಸಿದಳು. ಬೆಂಕಿಯ ಚಿತ್ರದ ಪಕ್ಕ ಸ್ಟ್ರೀಕ್ 120, ಅದರ ಕೆಳಗೆ 9,600 XP, ಅಂದರೆ ಪಾಠ ಮಾಡಿ ಗಳಿಸಿದ ಪಾಯಿಂಟ್ಸ್. ‘ಅಕ್ಕಾ, ಈ ಲೆಕ್ಕದಲ್ಲಿ ಜರ್ಮನ್ ಎ1 ಪರೀಕ್ಷೆ ಯಾವಾಗ ಬರೀಬಹುದು?’ ಅಂತ ಪ್ರಶ್ನೆ. ಗಂಡ ಜರ್ಮನಿಯಲ್ಲಿದ್ದಾನೆ, ಸಂಗಾತಿ ವೀಸಾಕ್ಕೆ ಸಾಮಾನ್ಯವಾಗಿ ಎ1 ಎಂಬ ಮೊದಲ ಹಂತದ ಭಾಷಾ ಪ್ರಮಾಣಪತ್ರ ಕೇಳುತ್ತಾರೆ. ಹಾಗಾಗಿ ಅವಳಿಗೆ ಅಂದಾಜು ಸಾಲದು, ಕ್ಯಾಲೆಂಡರಿನಲ್ಲಿ ಗುರುತು ಹಾಕುವಂಥ ತಾರೀಖು ಬೇಕು.

ಆ ಒಂದೇ ಚಿತ್ರದಿಂದ ತಾರೀಖು ಹೇಳಲು ಬರುವುದಿಲ್ಲ. ಸ್ಟ್ರೀಕ್ ಹೇಳುವುದು ದಿನಕ್ಕೆ ಒಂದು ಪಾಠವಾದರೂ ಆಗಿದೆ ಎಂಬುದನ್ನು ಮಾತ್ರ. ಎರಡು ನಿಮಿಷ ಓದಿದರೂ ಅದು ಏರುತ್ತದೆ, ಎರಡು ಗಂಟೆ ಓದಿದರೂ ಅಷ್ಟೇ ಏರುತ್ತದೆ. ಪಾಯಿಂಟ್ಸ್ ಸ್ವಲ್ಪ ವಾಸಿ, ಆದರೆ ಅದರ ಬೆಲೆ ದಿನದಿಂದ ದಿನಕ್ಕೆ ಬದಲಾಗುತ್ತದೆ. ಮುಂದೆ ಎಷ್ಟು ಸಾಗಿದ್ದೇವೆ ಎಂದು ತೋರಿಸುವುದು ಹಲವು ಪಾಠಗಳು ಸೇರಿದ ಯುನಿಟ್‌ನ ಸಂಖ್ಯೆ. ಅದು ಬಹಳ ಜನರ ಸ್ಕ್ರೀನ್‌ಶಾಟ್‌ನಲ್ಲಿ ಇರುವುದೇ ಇಲ್ಲ.

ಮೊದಲು, ಮೂರು ಪರದೆಗಳನ್ನು ಹಿಡಿಯಿರಿ

ಪ್ರೊಫೈಲ್ ಪುಟ, ಸ್ಟ್ರೀಕ್ ಕ್ಯಾಲೆಂಡರ್, ಈಗ ನಡೆಯುತ್ತಿರುವ ಯುನಿಟ್ ಕಾಣುವ ಪಾಠದ ಪುಟ. ಈ ಮೂರನ್ನೂ ಒಂದೇ ದಿನ ಹಿಡಿದು, ತಾರೀಖನ್ನು ಚಿತ್ರದ ಮೇಲೆಯೇ ಬರೆದುಬಿಡಿ. ವಾಟ್ಸಾಪ್‌ನಲ್ಲಿ ಕಳಿಸಿ ಮತ್ತೆ ಉಳಿಸಿಕೊಂಡ ಚಿತ್ರದಲ್ಲಿ ತೆಗೆದ ದಿನದ ಬದಲು ಉಳಿಸಿದ ದಿನ ಕಾಣಬಹುದು, ಆಮೇಲೆ ಲೆಕ್ಕವೆಲ್ಲ ಏರುಪೇರು. ಎರಡು ವಾರ ಬಿಟ್ಟು ಮತ್ತೆ ಇದೇ ಮೂರು ಚಿತ್ರ ತೆಗೆಯಿರಿ. ವೇಗ ಗೊತ್ತಾಗುವುದು ಎರಡನೆಯ ಸಲ ತೆಗೆದ ಮೇಲೆ.

ಕಳೆದ ದಿನಗಳನ್ನು ಕ್ಯಾಲೆಂಡರಿನಿಂದ ಎಣಿಸಿ

ಒಂದು ದಿನ ಪಾಠ ತಪ್ಪಿದರೂ ಸ್ಟ್ರೀಕ್ ಉಳಿಸಿಕೊಡುವ ‘ಫ್ರೀಜ್’ ಸೌಲಭ್ಯ ಈಗ ಸಾಮಾನ್ಯ. ಆ ದಿನವನ್ನು ಸಂಖ್ಯೆಗೆ ಸೇರಿಸುವುದೋ ಬಿಡುವುದೋ ಆ್ಯಪ್‌ಗೆ ಬಿಟ್ಟದ್ದು. ಕ್ಯಾಲೆಂಡರಿನಲ್ಲಿ ಅದು ಸಾಮಾನ್ಯವಾಗಿ ಬೇರೆ ಬಣ್ಣದಲ್ಲಿರುತ್ತದೆ. ಇವಳು ಶುರು ಮಾಡಿದ್ದು ಜನವರಿ 22ಕ್ಕೆ, ಅಂದರೆ ಜೂನ್ 1ಕ್ಕೆ 130 ದಿನ. ಸ್ಟ್ರೀಕ್ 120 ಎಂದರೆ ಹತ್ತು ದಿನ ಫ್ರೀಜ್ ಕಾಪಾಡಿದೆ. ಮುಂದೆಯೂ ಜ್ವರ, ಮದುವೆ, ಮನೆಗೆ ನೆಂಟರು ಎಲ್ಲ ಬರುತ್ತವೆ. ಆದ್ದರಿಂದ ಭಾಗಿಸುವಾಗ 130ರಿಂದಲೇ ಭಾಗಿಸಬೇಕು.

ಈಗ ಪಾಯಿಂಟ್ಸ್‌ನ ಮೋಸ

ಜೂನ್ 1ಕ್ಕೆ ಅವಳು 12 ಯುನಿಟ್ ಮುಗಿಸಿದ್ದಳು. 9,600 ಪಾಯಿಂಟ್ಸ್‌ಗೆ 12 ಯುನಿಟ್ ಎಂದರೆ ಯುನಿಟ್‌ಗೆ 800. ಜೂನ್ 15ರ ಚಿತ್ರದಲ್ಲಿ 11,800 ಪಾಯಿಂಟ್ಸ್, 14 ಯುನಿಟ್. ಎರಡು ವಾರದಲ್ಲಿ 2,200 ಪಾಯಿಂಟ್ಸ್, ದಿನಕ್ಕೆ ಸುಮಾರು 157. ಮೊದಲಿನ 130 ದಿನಗಳ ಸರಾಸರಿ ದಿನಕ್ಕೆ 74 ಮಾತ್ರ. ‘ನನ್ನ ವೇಗ ಡಬಲ್ ಆಗಿದೆ’ ಎಂದು ಅವಳಿಗೆ ಖುಷಿ.

ಆದರೆ ಆ 2,200ಕ್ಕೆ ಸಿಕ್ಕಿದ್ದು ಎರಡೇ ಯುನಿಟ್, ಒಂದೊಂದಕ್ಕೆ 1,100. ಹೆಚ್ಚಿನ ಪಾಯಿಂಟ್ಸ್ ಎಲ್ಲಿಂದ ಬಂತು ಎಂದು ನೋಡಿದರೆ, ಆ್ಯಪ್‌ನ ಪಾಯಿಂಟ್ಸ್ ಪೈಪೋಟಿಯಾದ ಲೀಗ್‌ನಲ್ಲಿ ಕೆಳಗೆ ಬೀಳಬಾರದೆಂದು ಭಾನುವಾರ ರಾತ್ರಿ ಹಳೆಯ ಸುಲಭ ಪಾಠಗಳನ್ನೇ ತಿರುಗಿ ಮಾಡಿದ್ದಾಳೆ, ಅದೂ ಡಬಲ್ ಪಾಯಿಂಟ್ಸ್ ಸಿಗುವ ಹದಿನೈದು ನಿಮಿಷಗಳಲ್ಲಿ. ನಿಮ್ಮ ಲೆಕ್ಕದಲ್ಲೂ ಯುನಿಟ್‌ಗೆ ಬೀಳುವ ಪಾಯಿಂಟ್ಸ್ ಏರುತ್ತಿದ್ದರೆ ಮೊದಲು ಇದನ್ನೇ ಅನುಮಾನಿಸಿ. ಹಳೆಯ ಪಾಠ ಮೆಲುಕು ಹಾಕುವುದು ಒಳ್ಳೆಯದೇ, ತಾರೀಖಿನ ಲೆಕ್ಕಕ್ಕೆ ಮಾತ್ರ ಅದು ಬರುವುದಿಲ್ಲ.

ಒಂದೇ ಹುಡುಗಿ, ಮೂರು ತಾರೀಖು

ಅವಳ ಆ್ಯಪ್‌ನಲ್ಲಿ ಎ1 ಎಂದು ಗುರುತಿಸಿದ ಭಾಗ 36ನೇ ಯುನಿಟ್‌ಗೆ ಮುಗಿಯುತ್ತದೆ. ಜೂನ್ 15ಕ್ಕೆ ಉಳಿದದ್ದು 22.

ಪಾಯಿಂಟ್ಸ್ ನಂಬಿದರೆ: 22ನ್ನು 800ರಿಂದ ಗುಣಿಸಿದರೆ 17,600, ದಿನಕ್ಕೆ 157ರಂತೆ 112 ದಿನ. ಅಕ್ಟೋಬರ್ 5.

ಎರಡು ವಾರದ ಯುನಿಟ್ ವೇಗ ನಂಬಿದರೆ: ಯುನಿಟ್‌ಗೆ 7 ದಿನ, ಒಟ್ಟು 154 ದಿನ. ನವೆಂಬರ್ 16.

ಮೊದಲಿನ 130 ದಿನಗಳ ವೇಗ ನಂಬಿದರೆ: ಯುನಿಟ್‌ಗೆ ಸುಮಾರು 11 ದಿನ, ಒಟ್ಟು 242 ದಿನ. ಮುಂದಿನ ಫೆಬ್ರವರಿ 12.

ಮೊದಲನೆಯದನ್ನು ಹೊಡೆದುಹಾಕಿದೆವು. ಉಳಿದ ಎರಡರ ನಡುವೆ ಮೂರು ತಿಂಗಳ ಅಂತರವಿದೆ, ನಿಜವಾದ ದಿನ ಅದರೊಳಗೆ ಎಲ್ಲೋ ಇದೆ. ಅವೆರಡರ ಸರಾಸರಿ ತೆಗೆದು ಒಂದೇ ತಾರೀಖು ಮಾಡಿಕೊಳ್ಳಬೇಡಿ. ಎರಡನ್ನೂ ಬರೆದಿಟ್ಟುಕೊಳ್ಳಿ, ಬೇಗಿನದು ಮತ್ತು ತಡದ್ದು ಅಂತ. ಬೇಗಿನ ಲೆಕ್ಕದ ಎರಡು ವಾರಗಳಲ್ಲಿ ಹಬ್ಬವೊಂದೂ ಇರಲಿಲ್ಲ. ಮುಂದೆ ಗೌರಿ ಗಣೇಶ, ದಸರಾ, ದೀಪಾವಳಿ ಸಾಲಾಗಿ ಇವೆ. ಅದಕ್ಕೆ ಎರಡು ವಾರ ಸೇರಿಸಿ ನವೆಂಬರ್ 30 ಎಂದು ಇಟ್ಟುಕೊಂಡೆವು. ತಡದ ಲೆಕ್ಕದಲ್ಲಿ ತಪ್ಪಿದ ದಿನಗಳು ಆಗಲೇ ಸೇರಿವೆ, ಅದನ್ನು ಮುಟ್ಟಲಿಲ್ಲ.

ಗಂಟೆಗಳ ಜೊತೆ ತಾಳೆ ನೋಡಿ

ಎ1ಕ್ಕೆ ತಯಾರಾಗಲು 45 ನಿಮಿಷದ 80ರಿಂದ 200 ಪಾಠ ಬೇಕಾಗುತ್ತದೆ ಎಂಬುದು ಪರೀಕ್ಷೆ ನಡೆಸುವ ಗೋಥೆ ಸಂಸ್ಥೆಯ ಅಂದಾಜು. ಫೋನಿನ ಬಳಕೆ ಸಮಯದ ಲೆಕ್ಕದಲ್ಲಿ ಇವಳದು ದಿನಕ್ಕೆ 15 ನಿಮಿಷ. ಜನವರಿ 22ರಿಂದ ನವೆಂಬರ್ 16ರವರೆಗೆ, ಫ್ರೀಜ್ ಆದ ಹತ್ತು ದಿನ ಬಿಟ್ಟರೆ, 288 ದಿನ. ಒಟ್ಟು 72 ಗಂಟೆ, ಅಂದರೆ 96 ಪಾಠದಷ್ಟು. ಅಂದಾಜಿನೊಳಗೆ ಬಂತು, ಆದರೆ ಕೆಳಗಿನ ಅಂಚಿಗೆ ಹತ್ತಿರ. ನಿಮ್ಮ ಲೆಕ್ಕ 60 ಗಂಟೆಗಿಂತ ಕಡಿಮೆ ಬಂದರೆ ಯುನಿಟ್‌ಗಳನ್ನು ಓಡಿಸಿಬಿಟ್ಟಿದ್ದೀರಿ ಎಂದೇ ಅರ್ಥ. ಆಗ ತಾರೀಖು ಮುಂದೆ ಹಾಕಿ.

ಆ್ಯಪ್ ಮುಗಿದ ದಿನವೇ ಪರೀಕ್ಷೆಯ ದಿನವಲ್ಲ

ಗೋಥೆ ಎ1 ಪರೀಕ್ಷೆಯಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತನಾಡುವುದು ಎಂಬ ನಾಲ್ಕು ಭಾಗಗಳಿಗೂ ಸಮಾನ ತೂಕ. ನೂರಕ್ಕೆ 60 ಬಂದರೆ ಪಾಸು. ಬರೆಯುವ ಭಾಗದಲ್ಲಿ ಒಂದು ಫಾರ್ಮ್ ತುಂಬಬೇಕು, ಒಂದು ಚಿಕ್ಕ ಪತ್ರ ಬರೆಯಬೇಕು. ಮಾತಿನ ಭಾಗದಲ್ಲಿ ಪರಿಚಯ ಹೇಳಿಕೊಂಡು, ಹೆಸರಿನ ಅಕ್ಷರ ಬಿಡಿಸಿ ಹೇಳಿ, ಕೈಗೆ ಬಂದ ಚೀಟಿ ನೋಡಿ ಎದುರಿನವರನ್ನು ಪ್ರಶ್ನೆ ಕೇಳಬೇಕು. ಪದಗಳನ್ನು ಒತ್ತಿ ಜೋಡಿಸುವ ಅಭ್ಯಾಸ ಇಲ್ಲಿ ಅಷ್ಟಾಗಿ ಕೈಹಿಡಿಯುವುದಿಲ್ಲ, ಅರ್ಧ ಅಂಕ ಇರುವುದೂ ಇಲ್ಲೇ. ಅದಕ್ಕೆ ನಾಲ್ಕು ವಾರ ಪ್ರತ್ಯೇಕ ಇಡಿ. ಸಂಸ್ಥೆಯ ಜಾಲತಾಣದಲ್ಲಿ ಮಾದರಿ ಪ್ರಶ್ನೆಪತ್ರಿಕೆ ಉಚಿತವಾಗಿ ಸಿಗುತ್ತದೆ. ಮೊದಲ ವಾರವೇ ಒಂದನ್ನು ಗಡಿಯಾರ ಇಟ್ಟು ಬರೆದು ನೋಡಿ, 60 ದಾಟದಿದ್ದರೆ ಇನ್ನೂ ಎರಡು ವಾರ ಸೇರಿಸಿ.

ಹೀಗೆ ಇವಳಿಗೆ ಬೇಗಿನ ದಾರಿಯಲ್ಲಿ ಡಿಸೆಂಬರ್ ಕೊನೆಗೆ ತಯಾರಿ ಮುಗಿಯುತ್ತದೆ, ಪರೀಕ್ಷೆ ಜನವರಿಯಲ್ಲಿ. ತಡದ ದಾರಿಯಲ್ಲಿ ಮಾರ್ಚ್ ಮಧ್ಯದ ನಂತರ. ಗೋಥೆ ಸಂಸ್ಥೆಯ ಬೆಂಗಳೂರು ಕೇಂದ್ರವಾದ, ಇಂದಿರಾನಗರದ ಸಿಎಂಎಚ್ ರಸ್ತೆಯ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಪರೀಕ್ಷೆ ಇರುವ ದಿನಗಳನ್ನು ಜಾಲತಾಣದಲ್ಲಿ ನೋಡಿಕೊಂಡು, ಈ ಎರಡು ಅವಧಿಗಳಲ್ಲಿ ಒಂದೊಂದು ದಿನ ಗುರುತು ಮಾಡಿಕೊಳ್ಳಬೇಕು. ಹಣ ಕಟ್ಟುವುದಕ್ಕೆ ಮಾತ್ರ ಆತುರ ಬೇಡ.

ಯಾವ ದಾರಿ ಎಂದು ತೀರ್ಮಾನಿಸುವ ದಿನ ಜುಲೈ 13. ಅಂದು ಮತ್ತೆ ಮೂರು ಚಿತ್ರ. ಯುನಿಟ್ 18 ಮುಗಿದಿದ್ದರೆ ವಾರಕ್ಕೊಂದರ ವೇಗ ನಿಂತಿದೆ, ಜನವರಿಯನ್ನೇ ಹಿಡಿಯಬಹುದು. 16 ಅಥವಾ 17ರಲ್ಲೇ ಇದ್ದರೆ ಗಂಡನಿಗೆ ಮಾರ್ಚ್ ಅಂತ ಹೇಳಿಬಿಡುವುದು. ಅಷ್ಟರಲ್ಲಿ ಪಾಯಿಂಟ್ಸ್ 20,000 ದಾಟಿದ್ದರೂ ಉತ್ತರ ಅದೇ.