ಜೀವನಾಂಶದ ಆದೇಶವನ್ನು ಎರಡು ಪುಟಕ್ಕೆ ಇಳಿಸುವಾಗ ನಾನು ನೋಡುವುದು

ತುಮಕೂರಿನಲ್ಲಿ ವಕೀಲಿ ಮಾಡುತ್ತೇನೆ. ಕೈಗೆ ಬರುವುದರಲ್ಲಿ ಜೀವನಾಂಶದ ಕೇಸುಗಳೇ ಜಾಸ್ತಿ. ಆದೇಶವಾದ ಮೇಲೆ ಕಕ್ಷಿದಾರರಿಗೆ ಅದರ ಸಾರಾಂಶವನ್ನು ಕನ್ನಡದಲ್ಲಿ ಬರೆದು ಕೊಡುತ್ತೇನೆ. ಎರಡು ಪುಟ, ಅದಕ್ಕಿಂತ ಹೆಚ್ಚಿಲ್ಲ. ಆದೇಶ ಇಪ್ಪತ್ತು ಪುಟ ಇದ್ದರೂ ಅಷ್ಟೇ.

ಎಷ್ಟು ದುಡ್ಡು ಅಂತ ಹೇಳಿದರೆ ಸಾಕಲ್ವಾ ಎಂದು ಕೆಲವರು ಕೇಳುತ್ತಾರೆ. ಸಾಲದು. ಜೀವನಾಂಶದ ಆದೇಶ ಒಂದು ದಿನಕ್ಕೆ ಮುಗಿಯುವಂಥದ್ದಲ್ಲ. ಮಗುವಿಗೆ ಹದಿನೆಂಟು ತುಂಬುವವರೆಗೆ, ಕೆಲವೊಮ್ಮೆ ಅದಕ್ಕೂ ಮುಂದೆ, ಅದೇ ಕಾಗದವನ್ನು ಮತ್ತೆ ಮತ್ತೆ ತೆಗೆದು ನೋಡಬೇಕಾಗುತ್ತದೆ. ಗಂಡ ಹಣ ನಿಲ್ಲಿಸಿದಾಗ ನೋಡಬೇಕು, ಹೆಚ್ಚಿಗೆ ಕೇಳುವಾಗ ನೋಡಬೇಕು, ಅವನು ಕಡಿಮೆ ಮಾಡಿ ಎಂದು ಅರ್ಜಿ ಹಾಕಿದಾಗಲೂ ನೋಡಬೇಕು. ಆ ಹೊತ್ತಿಗೆ ವಕೀಲರೂ ಬದಲಾಗಿರಬಹುದು.

ಒಂದು ಕೇಸನ್ನೇ ಹಿಡಿದು ಹೇಳುತ್ತೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಗುಬ್ಬಿ ತಾಲ್ಲೂಕಿನ ಹೆಣ್ಣುಮಗಳು. ಇಬ್ಬರು ಮಕ್ಕಳು. ಗಂಡ ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಕೆಲಸಕ್ಕಿದ್ದಾನೆ. 2022ರ ಜೂನ್ 10ರಂದು ದಂಡ ಪ್ರಕ್ರಿಯಾ ಸಂಹಿತೆ, ಅಂದರೆ ಸಿಆರ್‌ಪಿಸಿಯ 125ನೇ ಕಲಮಿನಡಿ ಅರ್ಜಿ ಹಾಕಿದ್ದರು. ಆದೇಶ ಬಂದದ್ದು 2024ರ ನವೆಂಬರ್ 12ಕ್ಕೆ.

ಆದೇಶ ಕೈಗೆ ಬಂದ ಕೂಡಲೇ ನಾನು ಕೊನೆಯ ಪುಟವನ್ನು ಮೊದಲು ಓದುತ್ತೇನೆ. ಅಲ್ಲಿರುವ ಆದೇಶದ ಸಾಲುಗಳನ್ನು ಹಾಗೇ ಇಳಿಸಿಕೊಳ್ಳುತ್ತೇನೆ, ನನ್ನ ಮಾತು ಒಂದೂ ಸೇರಿಸುವುದಿಲ್ಲ. ಆಮೇಲೆ ನಡುವಿನ ಪುಟಗಳಿಗೆ ಹೋಗುತ್ತೇನೆ. ಕಷ್ಟದ ಕೆಲಸ ಇರುವುದೇ ಅಲ್ಲಿ. ಒಂದೇ ಸಂಬಳದ ಬಗ್ಗೆ ಮೂರು ಕಡೆ ಮೂರು ಅಂಕಿ ಸಿಗುತ್ತವೆ. ಈ ಕೇಸಿನಲ್ಲಿ ಹೆಂಡತಿ 60,000 ಅಂದಿದ್ದರು. ಗಂಡ, ಕಾಂಟ್ರ್ಯಾಕ್ಟ್ ಕೆಲಸ, 14,000 ಮಾತ್ರ ಅಂದಿದ್ದ. ಪಾಟೀ ಸವಾಲಿನಲ್ಲಿ ಅವನ ಬಾಯಿಂದಲೇ 30,000 ಎಂದು ಬಂದಿತ್ತು. ಈ ಮೂರೂ ನ್ಯಾಯಾಲಯದ ತೀರ್ಮಾನವಲ್ಲ. ಮೊದಲ ಎರಡು ವಾದ, ಮೂರನೆಯದು ಸಾಕ್ಷ್ಯ. ತೀರ್ಮಾನ ಇರುವುದು ‘ಆದ್ದರಿಂದ ಎದುರುದಾರರ ಆದಾಯ ಇಷ್ಟು ಎಂದು ಪರಿಗಣಿಸಲಾಗಿದೆ’ ಎಂಬ ಅರ್ಥದ ಸಾಲಿನಲ್ಲಿ. ಆ ಸಾಲಿನ ಪ್ಯಾರಾ ನಂಬರನ್ನು ಸಾರಾಂಶದಲ್ಲಿ ಬರೆದೇ ಬರೆಯುತ್ತೇನೆ.

ಇಲ್ಲಿ ನ್ಯಾಯಾಲಯ ನೆಚ್ಚಿಕೊಂಡದ್ದು ಸಂಬಳದ ಚೀಟಿಯನ್ನು. ಒಟ್ಟು ಸಂಬಳ 38,400. ಅದರಲ್ಲಿ ಪಿಎಫ್ 2,100 ಮತ್ತು ವೃತ್ತಿ ತೆರಿಗೆ 200 ಕಳೆದು 36,100 ಎಂದು ಹಿಡಿದರು. ಗಂಡ ಬ್ಯಾಂಕ್ ಸಾಲದ ಕಂತು 6,500 ಅನ್ನೂ ಕಳೆಯಿರಿ ಎಂದು ಕೇಳಿದ್ದ. ಅದನ್ನು ಒಪ್ಪಲಿಲ್ಲ. ಅದು ಅವನೇ ತನ್ನ ಇಷ್ಟಕ್ಕೆ ಮಾಡಿಕೊಂಡ ಸಾಲ, ಹೆಂಡತಿ ಮಕ್ಕಳ ಹೊಣೆ ಅದಕ್ಕಿಂತ ಮೊದಲು ಬರುತ್ತದೆ ಎಂದು ಕಾರಣ ಕೊಟ್ಟಿದ್ದರು.

ಮೂರು ಎಕರೆ ತೆಂಗು, ಅಡಿಕೆ ತೋಟದ ವಿಷಯವೂ ಬಂದಿತ್ತು. ಪಹಣಿ ಗಂಡನ ತಂದೆಯ ಹೆಸರಿನಲ್ಲಿದೆ, ಭಾಗ ಆಗಿಲ್ಲ, ಗಂಡನಿಗೆ ಅದರಿಂದ ಆದಾಯವಿದೆ ಎಂದು ತೋರಿಸಿಲ್ಲ ಎಂದು ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಹೆಂಡತಿ ಬಿ.ಎ. ಓದಿದ್ದಾರೆ, ಹೊಲಿಗೆಯಲ್ಲಿ 15,000 ದುಡಿಯುತ್ತಾರೆ ಎಂದು ಗಂಡ ಹೇಳಿದ್ದಕ್ಕೆ ದಾಖಲೆ ಇರಲಿಲ್ಲ. ತಿಂಗಳಿಗೆ ಸುಮಾರು 4,000 ಬರುತ್ತದೆ ಎಂದು ಅವರೇ ಒಪ್ಪಿದ್ದರು. ನ್ಯಾಯಾಲಯ ಅಷ್ಟನ್ನೇ ತೆಗೆದುಕೊಂಡಿತು. ದುಡಿಯುವ ಶಕ್ತಿ ಇರುವುದೇ ಬೇರೆ, ನಿಜವಾಗಿ ದುಡಿಯುತ್ತಿರುವುದೇ ಬೇರೆ. ಸುಪ್ರೀಂ ಕೋರ್ಟ್ 2017ರಲ್ಲಿ ಶೈಲಜಾ ವಿರುದ್ಧ ಖೋಬಣ್ಣ ಪ್ರಕರಣದಲ್ಲಿ ಹೇಳಿದ್ದೂ ಇದನ್ನೇ.

ನನ್ನ ಪಾಲಿಗೆ ಸಾರಾಂಶದ ಜೀವ ಇರುವುದು ಈ ಭಾಗದಲ್ಲಿ. ಆದಾಯದ ಅಂಕಿ ಒಂದೇ ಬರೆದರೆ ಸಾಲದು, ಯಾವುದನ್ನು ಹಿಡಿದರು, ಯಾವುದನ್ನು ಬಿಟ್ಟರು, ಯಾಕೆ ಬಿಟ್ಟರು ಎಂದು ಬರೆಯಬೇಕು. ಆ ‘ಯಾಕೆ’ಯಿಂದಲೇ ಮುಂದೆ ಮೊತ್ತ ಬದಲಿಸಲು ಕಾರಣ ಹುಟ್ಟುವುದು. ಅದಕ್ಕೆ ಆಮೇಲೆ ಬರುತ್ತೇನೆ.

ಮೊತ್ತ ಹೀಗಿತ್ತು: ಹೆಂಡತಿಗೆ 6,000, ಇಬ್ಬರು ಮಕ್ಕಳಿಗೆ ತಲಾ 3,000, ಒಟ್ಟು ತಿಂಗಳಿಗೆ 12,000. ಅರ್ಜಿ ಹಾಕಿದ ದಿನದಿಂದ ಕೊಡಬೇಕು, ಈಗಾಗಲೇ ಕೊಟ್ಟ ಮಧ್ಯಂತರ ಜೀವನಾಂಶವನ್ನು ಕಳೆಯಬಹುದು. ಇದನ್ನು ‘12,000’ ಎಂದು ಒಂದೇ ಅಂಕಿಯಲ್ಲಿ ಬರೆಯಬಾರದು. ಮಗನಿಗೆ ಹದಿನೆಂಟು ತುಂಬಿದ ದಿನ ಅವನ 3,000 ಮಾತ್ರ ನಿಲ್ಲುತ್ತದೆ, ಉಳಿದದ್ದು ನಡೆಯುತ್ತದೆ. ಅದಕ್ಕೇ ಒಬ್ಬೊಬ್ಬರ ಮೊತ್ತದ ಪಕ್ಕದಲ್ಲಿ ಮಕ್ಕಳ ಹುಟ್ಟಿದ ದಿನವನ್ನೂ ಹಾಕುತ್ತೇನೆ. ಮಗಳ ಹೆಸರಿನ ಮುಂದೆ ಒಂದು ಟಿಪ್ಪಣಿ ಇರುತ್ತದೆ: ಹದಿನೆಂಟಾದ ಮೇಲೂ ಮದುವೆಯಾಗದ ಹಿಂದೂ ಮಗಳು ತನ್ನನ್ನು ತಾನು ನೋಡಿಕೊಳ್ಳಲಾಗದಿದ್ದರೆ 1956ರ ದತ್ತಕ ಮತ್ತು ಜೀವನಾಂಶ ಕಾಯ್ದೆಯಡಿ ಬೇರೆಯಾಗಿ ಕೇಳಬಹುದು.

ಯಾವ ದಿನದಿಂದ ಎಂಬುದನ್ನು ಎರಡು ಸಲ ನೋಡುತ್ತೇನೆ. ಸುಪ್ರೀಂ ಕೋರ್ಟಿನ 2020ರ ನವೆಂಬರ್ 4ರ ರಜನೇಶ್ ವಿರುದ್ಧ ನೇಹಾ ತೀರ್ಪಿನ ನಂತರ ಅರ್ಜಿಯ ದಿನದಿಂದಲೇ ಕೊಡಿಸಬೇಕೆಂಬುದು ನಿಯಮ. ಆದರೂ ಆದೇಶದಲ್ಲಿ ದಿನಾಂಕ ಬರೆಯದಿದ್ದರೆ ಕಾಯ್ದೆಯ ಮಾತಿನಂತೆ ಆದೇಶದ ದಿನದಿಂದ ಎಂದಾಗುವ ಅಪಾಯವಿದೆ. ಈ ಕೇಸಿನಲ್ಲಿ ಅದು ಇಪ್ಪತ್ತೊಂಬತ್ತು ತಿಂಗಳ ಹಣ. ಹಾಗೆ ಬಿಟ್ಟುಹೋಗಿದ್ದರೆ ಹೈಕೋರ್ಟಿಗೆ ಹೋಗುವ ವಿಚಾರವನ್ನು ಆಗಲೇ ಮಾಡಬೇಕು, ವರ್ಷ ಕಳೆದ ಮೇಲಲ್ಲ.

ಈಗ ಬಾಕಿ. 2022ರ ಜೂನ್ 10ರಿಂದ 2024ರ ನವೆಂಬರ್ 9ರವರೆಗೆ 29 ತಿಂಗಳು. 12,000ದಂತೆ 3,48,000. ಮಧ್ಯಂತರ ಆದೇಶ 2023ರ ಮಾರ್ಚ್ 10ರಿಂದ ತಿಂಗಳಿಗೆ 5,000 ಎಂದು ಇತ್ತು. ಇಪ್ಪತ್ತು ತಿಂಗಳಿಗೆ 1,00,000 ಆಗುತ್ತದೆ. ಎದುರು ಪಕ್ಷದವರು ಈ ಒಂದು ಲಕ್ಷವನ್ನೇ ಕಳೆದು 2,48,000 ಬಾಕಿ ಎಂದು ತೋರಿಸಿದ್ದರು. ಬ್ಯಾಂಕ್ ಪಾಸ್‌ಬುಕ್ ತರಿಸಿ ನೋಡಿದರೆ ನಿಜವಾಗಿ ಬಂದದ್ದು ಹದಿಮೂರು ಕಂತು, 65,000 ಮಾತ್ರ. ಆದೇಶ ಕಳೆಯಲು ಹೇಳಿದ್ದು ಕೊಟ್ಟ ಹಣವನ್ನು, ಕೊಡಬೇಕಿದ್ದ ಹಣವನ್ನಲ್ಲ. ಹಾಗಾಗಿ ಬಾಕಿ 2,83,000. ಒಂದು ಪದದ ಮೇಲೆ ಕಣ್ಣು ಜಾರಿದರೆ ಆ ತಾಯಿಗೆ 35,000 ರೂಪಾಯಿ ಹೋಗುತ್ತಿತ್ತು.

ನವೆಂಬರ್ 10ರಿಂದ ಮುಂದಿನ ತಿಂಗಳುಗಳನ್ನು ಇದರ ಜೊತೆ ಬೆರೆಸುವುದಿಲ್ಲ. ಅವಕ್ಕೆ ಬೇರೆ ಪಟ್ಟಿ: ತಿಂಗಳು, ಬರಬೇಕಾದದ್ದು, ಬಂದ ದಿನ, ಬಂದ ಮೊತ್ತ. ಕಾರಣ, ಬಾಕಿ ವಸೂಲಿಯ ವಾರಂಟಿಗೆ ಅರ್ಜಿ ಹಾಕಲು ಹಣ ಬಾಕಿಯಾದ ದಿನದಿಂದ ಒಂದು ವರ್ಷದ ಗಡುವು. ಹಿಂದಿನ ಅವಧಿಯ 2,83,000 ಆದೇಶದಿಂದ ಬಾಕಿಯಾದ ಹಣ, ಆದ್ದರಿಂದ ಅದರ ಪಕ್ಕದಲ್ಲಿ ‘2025ರ ನವೆಂಬರ್ 11ರೊಳಗೆ ಅರ್ಜಿ’ ಎಂದು ದಪ್ಪಕ್ಷರದಲ್ಲಿ ಬರೆದೆ. ಮುಂದಿನ ಪ್ರತಿ ತಿಂಗಳಿಗೂ ಅದರದೇ ಗಡುವು ಓಡುತ್ತದೆ. ಗಡುವಿನೊಳಗೆ ಹಾಕಿದ ಅರ್ಜಿ ಇನ್ನೂ ನಡೆಯುತ್ತಿದ್ದರೆ ಆಮೇಲಿನ ತಿಂಗಳುಗಳನ್ನು ಅದರ ಮುಂದುವರಿಕೆಯಾಗಿ ಕೇಳಬಹುದು. 2013ರ ಪೂಂಗೋಡಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಾಗೆ ಹೇಳಿದೆ.

ಸಾರಾಂಶ ಕೊಡುವಾಗ ಆಕೆಯ ಅಣ್ಣನೂ ಬಂದಿದ್ದರು. “ಮೇಡಂ, ಅವನು ಒಂದು ತಿಂಗಳು ಜೈಲಿಗೆ ಹೋಗಿ ಬಂದ್ರೆ ಬಾಕಿ ಎಲ್ಲ ತೀರ್ತದಂತೆ, ಹೌದಾ?” ಎಂದು ಕೇಳಿದರು. ಈ ಮಾತು ನಮ್ಮ ಕಡೆ ಬಹಳ ಓಡಾಡುತ್ತದೆ. ಇಲ್ಲ ಅಣ್ಣ, ಜೈಲು ಹಣ ಕೊಡಿಸಲು ಹಾಕುವ ಒತ್ತಡವೇ ಹೊರತು ಹಣಕ್ಕೆ ಬದಲಲ್ಲ ಎಂದು ಹೇಳಿದೆ. ಸುಪ್ರೀಂ ಕೋರ್ಟಿನ ಕುಲ್ದೀಪ್ ಕೌರ್ ಪ್ರಕರಣದಲ್ಲಿ 1988ರಲ್ಲೇ ಇದು ತೀರ್ಮಾನವಾಗಿದೆ. ಆ ಒಂದು ಸಾಲನ್ನೂ ಸಾರಾಂಶಕ್ಕೆ ಸೇರಿಸಿದೆ.

ಎರಡನೇ ಪುಟದ ಕೆಳಭಾಗ ಪೂರ್ತಿ, ಮುಂದೆ ಮೊತ್ತ ಬದಲಾಗಲು ಏನೇನು ಕಾರಣವಾಗಬಹುದು ಎಂಬುದಕ್ಕೆ. ಆದೇಶವೇ ತಪ್ಪು ಎನ್ನುವವರು ಹೈಕೋರ್ಟಿಗೆ ಹೋಗಬೇಕು. ಆದೇಶದ ದಿನ ಸರಿಯಾಗಿಯೇ ಇತ್ತು, ಆಮೇಲೆ ಪರಿಸ್ಥಿತಿ ಬದಲಾಯಿತು ಎನ್ನುವವರು ಅದೇ ನ್ಯಾಯಾಲಯಕ್ಕೆ ಬರಬೇಕು. ಹಿಂದೆ ಅದು ಸಿಆರ್‌ಪಿಸಿಯ 127ನೇ ಕಲಮು. 2024ರ ಜುಲೈ 1ರಿಂದ ಹೊಸ ಅರ್ಜಿಗಳಿಗೆ, ಸಿಆರ್‌ಪಿಸಿಯ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್ 146. ಬದಲಾಯಿತು ಎಂದು ತೋರಿಸಬೇಕಾದರೆ ಮೊದಲು ಹೇಗಿತ್ತು ಎಂದು ಹೇಳಬೇಕಲ್ವಾ? ಮೊದಲ ಪುಟದ ಆದಾಯದ ಭಾಗ ಬೇಕಾಗುವುದು ಇಲ್ಲೇ.

ಸಂಬಳ 36,100 ಎಂದು ಹಿಡಿದಿದ್ದಾರೆ. ಹಾಗಾಗಿ ಅವನ ಸಂಬಳ ಗಣನೀಯವಾಗಿ ಏರಿದರೆ, ಅಥವಾ ಕೆಲಸ ನಿಜವಾಗಿಯೂ ಹೋದರೆ, ಅದು ಬದಲಾವಣೆ. ತೋಟವನ್ನು ಬಿಟ್ಟದ್ದು ಪಹಣಿ ತಂದೆಯ ಹೆಸರಲ್ಲಿದೆ ಎಂದು. ಹಾಗಾಗಿ ನಾಳೆ ವಿಭಾಗವಾಗಿ ಪಹಣಿಯಲ್ಲಿ ಗಂಡನ ಹೆಸರು ಕೂತರೆ ಅದೂ ಬದಲಾವಣೆ. ಸಾಲದ ಕಂತಿನದ್ದು ಬೇರೆ. ಅದನ್ನು ಮೊದಲೇ ಕಳೆದಿಲ್ಲ, ಆದ್ದರಿಂದ ಆ ಸಾಲ ತೀರಿತು ಎಂದು ನಾವು ಹೆಚ್ಚಿಗೆ ಕೇಳಿದರೆ ನಿಲ್ಲುವುದಿಲ್ಲ. ಕಂತು ಜಾಸ್ತಿಯಾಯಿತು ಎಂದು ಅವನು ಕಡಿಮೆ ಕೇಳಿದರೂ ನಿಲ್ಲುವುದು ಕಷ್ಟ. ಸಾರಾಂಶದಲ್ಲಿ ‘ಕಂತು ಒಪ್ಪಿಲ್ಲ’ ಎಂಬ ಸಾಲು ಇಲ್ಲದಿದ್ದರೆ ಮುಂದೆ ಬರುವ ವಕೀಲರಿಗೆ ಇದು ಹೊಳೆಯುವುದೇ ಇಲ್ಲ.

ನಮ್ಮ ಪಕ್ಷಕ್ಕೆ ಹಿತವಲ್ಲದ್ದನ್ನೂ ಬರೆಯುತ್ತೇನೆ. ಆಕೆಯ ಆದಾಯ 4,000 ಎಂದು ಹಿಡಿದಿದ್ದಾರೆ. ಅತಿಥಿ ಶಿಕ್ಷಕಿಯಾಗಿಯೋ ಗಾರ್ಮೆಂಟ್ಸ್‌ನಲ್ಲೋ ಸ್ಥಿರ ಸಂಬಳ ಸಿಕ್ಕರೆ ಗಂಡ ಅದನ್ನು ಹಿಡಿದು ಬರಬಹುದು. ಆಗ ಮುಚ್ಚಿಡಬಾರದು, ಆಸ್ತಿ ಮತ್ತು ಹೊಣೆಗಾರಿಕೆಯ ಅಫಿಡವಿಟ್ಟಿನಲ್ಲಿ ಸುಳ್ಳು ಹೇಳಿದರೆ ಇಡೀ ಕೇಸು ಕೆಡುತ್ತದೆ. ವಿಚ್ಛೇದನ ಒಂದರಿಂದಲೇ ಆಕೆಯ ಜೀವನಾಂಶ ನಿಲ್ಲುವುದಿಲ್ಲ, ಮರುಮದುವೆಯಾದರೆ ನಿಲ್ಲುತ್ತದೆ, ಆದರೆ ಮಕ್ಕಳ ಪಾಲು ಉಳಿಯುತ್ತದೆ. ಬೇರೆ ಕೇಸಿನಲ್ಲಿ, ಅಂದರೆ ಕೌಟುಂಬಿಕ ಹಿಂಸೆ ಕಾಯ್ದೆಯಡಿಯಲ್ಲೋ ವಿಚ್ಛೇದನದ ಕೇಸಿನಲ್ಲೋ ಹಣ ಮಂಜೂರಾದರೆ ಅದನ್ನು ಇಲ್ಲಿ ತಿಳಿಸಬೇಕು. ರಜನೇಶ್ ತೀರ್ಪಿನಂತೆ ಹೊಂದಾಣಿಕೆ ಆಗುತ್ತದೆ.

ಗಂಡ ಕಡಿಮೆ ಮಾಡಿ ಎಂದು ಅರ್ಜಿ ಹಾಕಿದ ಮಾತ್ರಕ್ಕೆ ತಿಂಗಳ ಹಣ ನಿಲ್ಲುವುದಿಲ್ಲ ಎಂದು ಕೊನೆಯ ಸಾಲಿನಲ್ಲಿ ಬರೆದು, ನ್ಯಾಯಾಲಯ ಬದಲಿಸುವವರೆಗೆ 12,000 ಓಡುತ್ತಲೇ ಇರುತ್ತದೆ ಎಂದು ಆಕೆಗೆ ಓದಿ ಹೇಳಿದೆ. ಆಕೆ ಸಾರಾಂಶದ ಜೊತೆಗೆ ಪಾಸ್‌ಬುಕ್ಕಿನ ಜೆರಾಕ್ಸ್, ಆದೇಶದ ದೃಢೀಕೃತ ಪ್ರತಿ, ಮಾವನ ಹೆಸರಿನ ಆಗಿನ ಪಹಣಿಯನ್ನು ಒಂದೇ ಫೈಲಿನಲ್ಲಿ ಇಟ್ಟುಕೊಂಡರು. ಪಹಣಿಯನ್ನು ವರ್ಷಕ್ಕೊಮ್ಮೆ ನಾಡಕಚೇರಿಯಲ್ಲಿ ತೆಗೆಸಿ ನೋಡುತ್ತಿರಿ ಎಂದು ಹೇಳಿ ಕಳಿಸಿದೆ.