ಹಡಗು ಮೂರು ದಿನ ಲೇಟು, ಎಲ್‌ಸಿ ರೊಕ್ಕ ಅಲ್ಲೇ ನಿಂತು: ನನ್ನ ಅನುಭವ

ನಮ್ದು ಬ್ಯಾಡಗಿಯೊಳಗ ಮೆಣಸಿನಕಾಯಿ ವ್ಯಾಪಾರ ರೀ. ಲೋಕಲ್ ಪಾರ್ಟಿಗೆ ಮಾಲು ಕೊಟ್ಟು ರೂಢಿ ಇತ್ತು, ಮಲೇಶಿಯಾದ ಪಾರ್ಟಿ ಎಲ್‌ಸಿ, ಅಂದ್ರ ಹೇಳಿದಂಗ ಕಾಗದ ಕೊಟ್ರ ರೊಕ್ಕ ಕೊಡ್ತೀವಿ ಅಂತ ಅವನ ಬ್ಯಾಂಕ್ ಬರೆದುಕೊಡೋ ಪತ್ರ, ಕೊಡ್ತೀನಿ ಅಂದಾಗ ಬ್ಯಾಂಕೇ ಗ್ಯಾರಂಟಿ ಅಂದಮ್ಯಾಲೆ ಇನ್ನೇನ ಹೆದರಿಕಿ ಅಂತ ಒಪ್ಕೊಂಡ್ವಿ. ಒಂದು ಕಂಟೇನರ್, ಮಾಲು, ಇನ್ಶೂರೆನ್ಸು, ಹಡಗಿನ ಬಾಡಿಗಿ ಎಲ್ಲಾ ಸೇರಿದ ಸಿಐಎಫ್ ಲೆಕ್ಕದಾಗ 30,000 ಡಾಲರ್. ಎಲ್‌ಸಿ ಕೈಗೆ ಬಂದಾಗ ನಾನು ನೋಡಿದ್ದು ರೊಕ್ಕ ಎಷ್ಟು, ಹೆಸರು ಸರಿ ಐತೋ ಇಲ್ಲೋ, ಇಷ್ಟ. 44C ಅನ್ನೋ ಸಾಲಿನಾಗ ಮಾಲು ಹಡಗು ಹತ್ತೋ ಕಡೀ ದಿನ ಮಾರ್ಚ್ 20 ಅಂತ ಇತ್ತು, ಓದಿದ್ದೆ, ಆದ್ರ ಲೆಕ್ಕ ಹಾಕಲಿಲ್ಲ.

ಕಂಟೇನರ್ ನ್ಹಾವಾ ಶೇವಾ ಬಂದರದ ಗೇಟ್ ಒಳಗ ಹೋಗಿದ್ದು ಮಾರ್ಚ್ 16ಕ್ಕ. ಇನ್ನೂ ನಾಕು ದಿನ ಟೈಮ್ ಐತಿ ಅಂತ ಆರಾಮ ಇದ್ದೆ. ಹಡಗು ಬರೋದು ಲೇಟ್ ಆತು, ಮಾಲು ತಗೊಂಡಿದ್ದಕ್ಕ ಹಡಗು ಕಂಪನಿ ಕೊಡೋ ಬಿಎಲ್ ಅನ್ನೋ ಕಾಗದ ಕೈಗೆ ಬಂದಾಗ ಅದರ ಮ್ಯಾಲೆ ಆನ್ ಬೋರ್ಡ್ ಮಾರ್ಚ್ 23 ಅಂತ ಸಿಕ್ಕಾ ಬಿದ್ದಿತ್ತು. ನಾನು ಮಾಲು ಬಂದರಕ್ಕ ಮುಟ್ಟಿಸಿದ ದಿನಾನೇ ಶಿಪ್‌ಮೆಂಟ್ ಅನ್ಕೊಂಡಿದ್ದೆ. ಬ್ಯಾಂಕಿನವ್ರು ಹಿಡಿಯೋದು ಗೇಟ್ ದಿನ ಅಲ್ಲ, ಆ ಆನ್ ಬೋರ್ಡ್ ದಿನ.

ಮಾರ್ಚ್ 27ಕ್ಕ ಎಲ್ಲಾ ಕಾಗದ ತಗೊಂಡು ಹುಬ್ಬಳ್ಳಿಯ ನಮ್ಮ ಬ್ಯಾಂಕಿಗೆ ಹೋದೆ. ಫಾರೆಕ್ಸ್ ಡೆಸ್ಕಿನ ಸಾಹೇಬ್ರು ಒಂದೊಂದೇ ಕಾಗದ ಎಲ್‌ಸಿ ಬಾಜೂಕ ಇಟ್ಟು ಬೆರಳಿಟ್ಟು ಓದಿದ್ರು. "ನೀವು ಕಳಿಸಿದ್ದು ಕಾಯಿನೋ ಕಲ್ಲೋ ನಾವು ನೋಡಂಗಿಲ್ರಿ, ಕಾಗದ ಎಲ್‌ಸಿ ಹೇಳಿದಂಗ ಐತೋ ಇಲ್ಲೋ ಅಷ್ಟ" ಅಂದ್ರು. ಮೂರು ತಪ್ಪು ತೆಗೆದ್ರು.

ಮೊದಲನೇದು ಇನ್ವಾಯ್ಸು. ಎಲ್‌ಸಿ ಒಳಗ 45Aದಾಗ ಹಿಂಗಿತ್ತು:

```
DRIED RED CHILLI, BYADGI, WITHOUT STEM
```

ನಾವು ಟೈಪ್ ಮಾಡಿದ್ದು `DRIED RED CHILLI, BYADGI` ಅಷ್ಟ. ತೊಟ್ಟು ಬಿಡಿಸಿದ್ದು ಖರೇನ, ಹೆಣ್ಮಕ್ಕಳಿಗೆ ಕೂಲಿ ಕೊಟ್ಟು ಬಿಡಿಸೀವಿ, ಆದ್ರ ಕಾಗದದಾಗ ಇಲ್ಲಲ್ಲ! ಬ್ಯಾರೆ ಕಾಗದದೊಳಗ ಮಾಲಿನ ಹೆಸರು ಮೋಟಾಗಿ ಬರೆದ್ರೂ, ಎಲ್‌ಸಿಗೆ ಉಲ್ಟಾ ಹೊಡೀಲಿಲ್ಲ ಅಂದ್ರ ನಡೀತದ. ಇನ್ವಾಯ್ಸಿನಾಗ ಮಾತ್ರ ಎಲ್‌ಸಿಯೊಳಗಿನ ವಿವರಣೆಗೆ ತಾಳೆ ಆಗಬೇಕು ಅಂತ ಎಲ್‌ಸಿಗೆ ಬ್ಯಾಂಕಿನವ್ರು ಹಿಡಿಯೋ ಯುಸಿಪಿ 600 ಅನ್ನೋ ನಿಯಮಾವಳಿಯ ರೂಲು. ಇದು ನಮ್ಮದೇ ಕಾಗದ, ಅವತ್ತ ಸಂಜೀಕ ಹೊಸದು ಹೊಡೆದು ಕೊಟ್ಟೆ.

ಎರಡನೇದು ಇನ್ಶೂರೆನ್ಸು. ರೊಕ್ಕ ಸರಿ ಇತ್ತು, ಸಿಐಎಫ್ ಮ್ಯಾಲೆ 110 ಪರ್ಸೆಂಟ್ ಅಂದ್ರ 33,000 ಡಾಲರ್. ಆದ್ರ ಸರ್ಟಿಫಿಕೇಟ್ ತಾರೀಖು ಮಾರ್ಚ್ 25, ಹಡಗು ಹತ್ತಿ ಎರಡು ದಿನ ಆದಮ್ಯಾಲೆ. ಇದ್ದಂಗ ಕೊಟ್ರ ರಿಜೆಕ್ಟ್. ಪುಣ್ಯಾಕ ನಮ್ಮದು ಪ್ರತಿ ಲೋಡಿಗೂ ಬ್ಯಾರೆ ಪಾಲಿಸಿ ಬೇಡದ ಓಪನ್ ಪಾಲಿಸಿ, ಲಾರಿ ಗೋಡೌನ್ ಬಿಟ್ಟಾಗಿಂದನೇ ಕವರ್ ಚಾಲೂ ಆಗಿತ್ತು, ಅದನ್ನ ತಾರೀಖು ಸಮೇತ ಸರ್ಟಿಫಿಕೇಟ್ ಮ್ಯಾಲೆ ಬರೆಸಿ ಸಿಕ್ಕಾ ಹಾಕಿಸ್ಕೊಂಡು ಬಂದೆ, ಎರಡು ದಿನ ಓಡಾಡಿಸಿದ್ರು. ಈ ಎಲ್‌ಸಿಯೊಳಗ ಕಾಗದ ಕೊಡಾಕ ಶಿಪ್‌ಮೆಂಟ್ ಆಗಿ 15 ದಿನ ಅಂತಿತ್ತು, ಅಂದ್ರ ಏಪ್ರಿಲ್ 7. ಏನೂ ಬರೀಲಿಲ್ಲ ಅಂದ್ರ ರೂಲ್ ಪ್ರಕಾರ 21 ದಿನ. ಅಷ್ಟರೊಳಗ ಕೊಟ್ಟಿದ್ದಕ್ಕ ಬಚಾವ್.

ಮೂರನೇದು ಆ ಮಾರ್ಚ್ 23. ಇದಕ್ಕ ರಬ್ಬರ್ ಇಲ್ಲ. ಒಬ್ಬ ಏಜೆಂಟ್ ಫೋನ್ ಮಾಡಿ "ಬಿಎಲ್ ಮ್ಯಾಲೆ 20 ಅಂತ ಹಾಕಿಸಿ ಕೊಡ್ಲೇನ್ರಿ" ಅಂದ, ಬ್ಯಾಡಪ್ಪಾ ಅಂದೆ. ಹಡಗು ಬಂದರ ಬಿಟ್ಟ ದಿನ ಯಾರು ಬೇಕಾದ್ರೂ ನೋಡಬಹುದು, ಅದು ಸುಳ್ಳು ಕಾಗದ, ಸಿಕ್ಕರ ರೊಕ್ಕ ಹೋಗೋದಲ್ದ ಕೇಸ್ ಬೀಳ್ತದ.

ತಪ್ಪು ಇಟ್ಕೊಂಡೇ ಕಾಗದ ಹೋದ್ವು. ಆ ಕಡೆ ಬ್ಯಾಂಕಿಗೆ ನೋಡಾಕ ಐದು ಬ್ಯಾಂಕಿಂಗ್ ದಿನ, ಐದನೇ ದಿನಾನೇ ರಿಫ್ಯೂಸಲ್ ಮೆಸೇಜ್ ಬಂತು: `LATE SHIPMENT`, ಪಾರ್ಟಿ ಒಪ್ಪೋತನಕ ಕಾಗದ ತಮ್ಮ ಹತ್ರ ಇರ್ತಾವ ಅಂತ. ಅಲ್ಲಿಗೆ ಬ್ಯಾಂಕ್ ಗ್ಯಾರಂಟಿ ಹೋತು, ನಾನು ಪಾರ್ಟಿ ಕೈಯಾಗ ಸಿಕ್ಕೆ. ಕಂಟೇನರ್ ಆ ಬಂದರದಾಗ ನಿಂತು ಬಾಡಿಗಿ ಏರಾಕ್ಹತ್ತಿತ್ತು, ಅವನು ಮಾರ್ಕೆಟ್ ಡೌನ್ ಐತಿ ಅಂದು 4 ಪರ್ಸೆಂಟ್ ಮುರೀರಿ ಅಂದ. 1,200 ಡಾಲರ್ ಬಿಟ್ಟೆ, ಮ್ಯಾಲೆ ಕಾಗದದಾಗ ತಪ್ಪಿದ್ದಕ್ಕ ಡಿಸ್ಕ್ರೆಪೆನ್ಸಿ ಫೀ ಅಂತ ಬ್ಯಾಂಕ್ ಬ್ಯಾರೆ ಕಡಿದು ಕಳಿಸ್ತು.

ಮುಂದಿನ ಎಲ್‌ಸಿ ಬಂದಾಗ ಹಡಗಿನ ತಾರೀಖು ಮೊದಲು ಕೇಳಿದೆ, 44C ತಾರೀಖಿಗೂ ಅದಕ್ಕೂ ಎರಡೇ ದಿನ ಗ್ಯಾಪ್. ಲಾರಿ ಲೋಡ್ ಮಾಡೋಕಿಂತ ಮೊದಲೇ ಪಾರ್ಟಿಗೆ ಎಲ್‌ಸಿ ತಿದ್ದಿಸೋ ಅಮೆಂಡ್‌ಮೆಂಟ್ ಕೇಳಿದೆ, ಕಳಿಸಿದ. ತೆರೆದು ನೋಡಿದ್ರ 44C ಹದಿನೈದು ದಿನ ಮುಂದ ಹೋಗಿತ್ತು, ಎಲ್‌ಸಿ ಮುಗಿಯೋ ತಾರೀಖು, ಅದೇ 31D, ಹಳೇದೇ ಇತ್ತು, ಮಾಲು ಕಡೀ ದಿನ ಹಡಗು ಹತ್ತಿದ್ರ ಕಾಗದ ಕೊಡಾಕ ಉಳಿಯೋದು ಬರೇ ಮೂರು ದಿನ. ಒಪ್ಪಿಲ್ಲ ಅಂತ ಬ್ಯಾಂಕಿಗೆ ಬರೆದುಕೊಟ್ಟು ಎರಡೂ ಬದಲಿಸಿ ಬರೋತನಕ ಗೋಡೌನಿನ ಬಾಗಿಲ ತೆಗೀಲಿಲ್ಲ.