‘ನಿಮ್ಮಪ್ಪ ಎಲ್ಲಿ?’ ಎಂದಾಗ ತಡವರಿಸದಂಥ ಹೆಸರು: ಹಿರಿಯರ ಕೇಂದ್ರಕ್ಕೆ ನಾಮಕರಣ ಹೇಗೆ?

ಹಿರಿಯರ ಕೇಂದ್ರದ ಹೆಸರನ್ನು ಬೋರ್ಡಿನ ಮೇಲೆ ಓದುವವರಿಗಿಂತ ಬಾಯಲ್ಲಿ ಹೇಳಬೇಕಾದವರೇ ಹೆಚ್ಚು. ಮದುವೆ ಛತ್ರದಲ್ಲಿ ದೊಡ್ಡಪ್ಪ ‘ಏನಪ್ಪಾ, ನಿಮ್ಮಪ್ಪ ಬರಲಿಲ್ವಾ?’ ಅನ್ನುತ್ತಾರೆ. ಮಗ ನಾಲ್ಕು ಜನರ ಮುಂದೆ ಒಂದು ವಾಕ್ಯದಲ್ಲಿ ಉತ್ತರ ಕೊಡಬೇಕು. ಆ ವಾಕ್ಯ ಸಲೀಸಾಗಿ ಬಂದರೆ ಹೆಸರು ಸರಿಯಿದೆ. ಗಂಟಲಲ್ಲಿ ಸಿಕ್ಕಿಕೊಂಡರೆ ಬೋರ್ಡಿಗೆ ಎಷ್ಟು ಖರ್ಚು ಮಾಡಿದ್ದರೂ ದಂಡ.

‘ವೃದ್ಧಾಶ್ರಮ’ ಎಂದ ಕೂಡಲೇ ನಮ್ಮ ಮಾತಿನಲ್ಲಿ ಹಿಂದೆಯೇ ಬರುವುದು ಸೇರಿಸಿದರು, ಬಿಟ್ಟರು, ಹಾಕಿದರು ಎಂಬ ಮೂರು ಕ್ರಿಯಾಪದ. ಮೂರರಲ್ಲೂ ಕೆಲಸ ಮಾಡಿದವರು ಮಕ್ಕಳು, ತಂದೆ-ತಾಯಿ ಬರೀ ಸುಮ್ಮನಿದ್ದವರು. ತಪ್ಪಿತಸ್ಥ ಭಾವ ಹುಟ್ಟುವುದು ಇಲ್ಲೇ. ಆದ್ದರಿಂದ ಹೆಸರು ಹುಡುಕುವವರು ‘ಇದು ಚೆಂದವೇ?’ ಎಂದು ಕೇಳಿಕೊಳ್ಳುವುದಕ್ಕೆ ಮೊದಲು ‘ಇದರ ಜೊತೆ ಯಾವ ಕ್ರಿಯಾಪದ ಬರುತ್ತದೆ?’ ಎಂದು ನೋಡಬೇಕು. ‘ಅಪ್ಪ ಅಲ್ಲಿಗೆ ಹೋಗಿದ್ದಾರೆ’, ‘ಅಮ್ಮ ಅಲ್ಲಿದ್ದಾರೆ’ ಎಂದು ತಾನಾಗಿ ಬಂದರೆ ಅರ್ಧ ಕೆಲಸ ಮುಗಿದಂತೆ.

ಮೊದಲು ಒಂದು ಸಾಲು ಬರೆಯಿರಿ

ಹೆಸರಿಗೆ ಕೈ ಹಾಕುವ ಮುಂಚೆ ಅಲ್ಲಿ ನಿಜವಾಗಿ ಏನು ನಡೆಯುತ್ತದೆ ಎಂದು ಒಂದೇ ಸಾಲಿನಲ್ಲಿ ಬರೆದಿಟ್ಟುಕೊಳ್ಳಿ. ಉದಾಹರಣೆಗೆ: ‘ಕೋಲಾರ ಪಟ್ಟಣದಲ್ಲಿ ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ, 60 ದಾಟಿದ 25 ಮಂದಿಗೆ, ತಿಂಡಿ, ಊಟ, ವ್ಯಾನು ಇದೆ, ರಾತ್ರಿ ಇರುವ ವ್ಯವಸ್ಥೆ ಇಲ್ಲ, ಚಿಕಿತ್ಸೆ ಇಲ್ಲ.’ ಹೆಸರು ಈ ಸಾಲನ್ನು ಮೀರಬಾರದು. ಚಿಕಿತ್ಸೆ ಇಲ್ಲದ ಕಡೆ ‘ಆರೋಗ್ಯಧಾಮ’, ‘ನರ್ಸಿಂಗ್ ಹೋಂ’ ಎಂದು ಬರೆದರೆ ಜ್ವರ ಬಂದವರು ಬಾಗಿಲು ತಟ್ಟುತ್ತಾರೆ. ಜೊತೆಗೆ, ಖಾಸಗಿ ವೈದ್ಯಕೀಯ ಸಂಸ್ಥೆಗಳಿಗೆ ಅನ್ವಯಿಸುವ ರಾಜ್ಯದ 2007ರ ಕಾಯ್ದೆಯಡಿ ನೋಂದಣಿ ಆಗಿದೆಯೇ ಎಂಬ ಪ್ರಶ್ನೆಯೂ ಬರುತ್ತದೆ. ಇನ್ನೂ ಕೆಟ್ಟದ್ದೆಂದರೆ, ಇಂಥ ಹೆಸರಿದ್ದರೆ ಮನೆಯವರು ‘ಚೆಕಪ್‌ಗೆ ಹೋಗೋಣ ಬಾಮ್ಮ’ ಎಂದು ಸುಳ್ಳು ಹೇಳಿ ಕರೆತರುತ್ತಾರೆ. ಮೊದಲ ದಿನವೇ ನಂಬಿಕೆ ಹೋದರೆ ಆಮೇಲೆ ಕೂಡಿ ಬರುವುದು ಕಷ್ಟ.

ಹೊಡೆದು ಹಾಕಬೇಕಾದವು

ಕರುಣೆಯ ಹೆಸರುಗಳು ಮೊದಲು ಹೋಗಲಿ. ಆಸರೆ, ಆಶ್ರಯ, ದಯಾ, ಅನಾಥಬಂಧು ಇವೆಲ್ಲ ಗತಿಯಿಲ್ಲದವರಿಗೆ ಎಂಬ ಧ್ವನಿಯವು. ನಿವೃತ್ತ ಮೇಷ್ಟ್ರೊಬ್ಬರು ಪಿಂಚಣಿಯಲ್ಲಿ ಶುಲ್ಕ ಕಟ್ಟಿ ಬರುವ ಜಾಗಕ್ಕೆ ಇವು ಹೊಂದುವುದಿಲ್ಲ. ‘ಆಶ್ರಯ’ಕ್ಕೆ ಇನ್ನೊಂದು ತೊಡಕೂ ಇದೆ: ನಮ್ಮ ಜಿಲ್ಲೆಗಳಲ್ಲಿ ಆ ಪದ ಕೇಳಿದರೆ ಸರ್ಕಾರದ ಆಶ್ರಯ ಮನೆ, ಆಶ್ರಯ ಬಡಾವಣೆಯೇ ನೆನಪಿಗೆ ಬರುವುದು.

ಸಂಜೆಯ ಹೆಸರುಗಳು ಎರಡನೆಯವು. ಸಂಧ್ಯಾಕಿರಣ, ಮುಸ್ಸಂಜೆ, ಬಾಳಸಂಜೆ ಎಲ್ಲ ಇಡುವವರಿಗೆ ಕಾವ್ಯ, ಒಳಗೆ ಕೂರುವವರಿಗೆ ‘ನಿನ್ನ ಹೊತ್ತು ಮುಳುಗಿತು’ ಎಂಬ ಮಾತು. ಸಾಲದ್ದಕ್ಕೆ 65 ದಾಟಿದವರಿಗೆ ‘ಸಂಧ್ಯಾ ಸುರಕ್ಷಾ’ ಪಿಂಚಣಿ ಇದೆ. ‘ಸಂಧ್ಯಾ’ ಎಂದು ಬೋರ್ಡು ಹಾಕಿದ ಕಡೆ ಪಿಂಚಣಿ ಅರ್ಜಿ ಹಿಡಿದು ಬರುವವರು ತಪ್ಪುವುದಿಲ್ಲ. ಶಾಂತಿಧಾಮ, ಮುಕ್ತಿ, ಚಿರ ಎಂದು ಶುರುವಾಗುವವೂ ಇದೇ ಸಾಲಿನವು. ಮುಕ್ತಿಧಾಮ ಎಂದು ಸ್ಮಶಾನದ ಗೇಟಿನ ಮೇಲೆ ಬರೆದಿರುತ್ತದೆ. ‘ಪಿತೃ’ ಎಂದರಂತೂ ಮಹಾಲಯ ಅಮಾವಾಸ್ಯೆ, ಎಳ್ಳು-ನೀರು.

ಎಲ್ಲಕ್ಕಿಂತ ಹೆಚ್ಚು ಚುಚ್ಚುವುದು ಗುಣಗಾನದ ಹೆಸರು, ಮತ್ತು ಇದನ್ನೇ ಜನ ಅತ್ಯಂತ ಸುರಕ್ಷಿತ ಎಂದುಕೊಳ್ಳುತ್ತಾರೆ. ‘ಮಾತೃದೇವೋಭವ’, ‘ಶ್ರವಣಕುಮಾರ’. ತಂದೆ-ತಾಯಿಯನ್ನು ಅಡ್ಡೆಯಲ್ಲಿ ಕೂರಿಸಿ ಹೆಗಲ ಮೇಲೆ ಹೊತ್ತು ನಡೆದ ಮಗನ ಹೆಸರನ್ನು ದಿನಾ ಬೆಳಿಗ್ಗೆ ಗೇಟಿನ ಮೇಲೆ ಓದುತ್ತಾ ಅಮ್ಮನನ್ನು ಇಳಿಸಿ ಡ್ಯೂಟಿಗೆ ಹೋಗುವವನಿಗೆ ಏನನ್ನಿಸಬೇಕು? ಹೆಸರು ಇಟ್ಟವರ ಉದ್ದೇಶ ಗೌರವವೇ. ಆದರೆ ಓದುವವನ ಪಾಲಿಗೆ ಅದು ಛೀಮಾರಿ.

‘ನಮ್ಮನೆ’ ಎಂಬುದು ಬೇರೆ ರೀತಿಯಲ್ಲಿ ಕೆಡುತ್ತದೆ. ‘ಅಮ್ಮ ನಮ್ಮನೆಯಲ್ಲಿದ್ದಾರೆ’ ಎಂದರೆ ಕೇಳಿದವರು ಮಗನ ಮನೆಯಲ್ಲೇ ಇದ್ದಾರೆ ಎಂದುಕೊಳ್ಳುತ್ತಾರೆ. ಆಮೇಲೆ ನಿಜ ಗೊತ್ತಾದಾಗ ಮಗ ಮುಚ್ಚಿಟ್ಟ ಎಂದಾಗುತ್ತದೆ. ‘ತವರು’ ಹೆಂಗಸರಿಗೆ ಹಿತವಾದ ಪದ ನಿಜ. ಆದರೆ ಗಂಡಸರಿಗೆ ತವರಿಲ್ಲ, ಸೊಸೆಯ ಕಿವಿಗೆ ಅದು ‘ಇಲ್ಲಿ ನಿನ್ನಿಂದ ಸುಖವಿಲ್ಲ’ ಎಂದೂ ಕೇಳಿಸಬಹುದು. ಮಕ್ಕಳಾಟದ ಹೆಸರುಗಳ ಬಗ್ಗೆ (ಎರಡನೇ ಬಾಲ್ಯ, ಅಜ್ಜ-ಅಜ್ಜಿ ಪ್ಲೇಹೋಂ) ಹೆಚ್ಚು ಹೇಳಬೇಕಿಲ್ಲ.

ಗುರುಗಳ, ಮಠದ ಹೆಸರು ಇಡುವ ಆಸೆ ತುಮಕೂರಿನಲ್ಲಿ ಸಹಜ. ಮಠದ ಒಪ್ಪಿಗೆ ಲಿಖಿತವಾಗಿ ಬೇಕು ಎಂಬುದು ಒಂದು. ಸಿದ್ಧಗಂಗೆ ಎಂದರೆ ಜನರಿಗೆ ದಾಸೋಹ ನೆನಪಾಗುತ್ತದೆ ಎಂಬುದು ಇನ್ನೊಂದು. ಇದೂ ಮಠದ್ದೇ, ಉಚಿತವೇ ಇರಬೇಕು ಎಂದು ಬಂದವರಿಗೆ ತಿಂಗಳ ಶುಲ್ಕ ಹೇಳಿದಾಗ ಎರಡೂ ಕಡೆ ಮುಜುಗರ.

ಉಳಿದವನ್ನು ಕಿವಿಗೆ ಹಾಕಿ ನೋಡಿ

ಮೇಲೆ ಹೇಳಿದ ಕೋಲಾರದ ಹಗಲು ಕೇಂದ್ರಕ್ಕೆ ಜರಡಿ ಹಿಡಿದ ಮೇಲೆ ‘ವಾತ್ಸಲ್ಯ’, ‘ಅರಳಿಕಟ್ಟೆ’, ‘ಹಿರಿಯರ ಜಗಲಿ’, ‘ಹೊಂಗೆ ನೆರಳು’ ಎಂಬ ನಾಲ್ಕು ಹೆಸರು ಉಳಿದವು ಎಂದುಕೊಳ್ಳೋಣ.

ಕೇಳಿಸುತ್ತದೆಯೇ ಎಂಬುದು ಮೊದಲ ಪರೀಕ್ಷೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಎತ್ತರದ ಸ್ಥಾಯಿಯನ್ನು. ಸ, ಶ, ತ, ಕ ಮುಂತಾದ ಧ್ವನಿಗಳು ಮಸುಕಾಗುತ್ತವೆ. ಮ, ನ, ಲ, ರ, ಗ ತಕ್ಕಮಟ್ಟಿಗೆ ನಿಲ್ಲುತ್ತವೆ. ಹಲ್ಲುಸೆಟ್ಟು ಹಾಕಿದವರಿಗೆ ಒತ್ತಕ್ಷರದ ‘ತ್ಸ’ ಹೊರಳುವುದೂ ಕಷ್ಟ. ‘ವಾತ್ಸಲ್ಯ’ ಇಲ್ಲೇ ಬಿದ್ದುಹೋಗುತ್ತದೆ: ಆಟೋದವನಿಗೆ ಹೇಳಿದರೆ ‘ಏನಜ್ಜಿ?’ ಎಂದು ಎರಡು ಸಲ ಕೇಳುತ್ತಾನೆ. ತಾನು ದಿನಾ ಹೋಗುವ ಜಾಗದ ಹೆಸರು ತನ್ನ ಬಾಯಲ್ಲೇ ಸರಿಯಾಗಿ ಬಾರದಿದ್ದರೆ ಯಾರಿಗೂ ಅವಮಾನವೇ.

ಎರಡನೆಯದು ಮನೆಮಾತಿನ ಪರೀಕ್ಷೆ. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಹೊರಗೆ ಕನ್ನಡ, ಮನೆಯಲ್ಲಿ ತೆಲುಗು ಆಡುವ ಕುಟುಂಬಗಳು ಬಹಳ. ತೆಲುಗಿನಲ್ಲಿ ಕಟ್ಟೆ ಎಂದರೆ ಸೌದೆ. ಅರಳಿಕಟ್ಟೆ ಯಾವುದೆಂದು ಎಲ್ಲರಿಗೂ ಗೊತ್ತಿದೆ, ಆದರೂ ಬಳಕೆಯಲ್ಲಿ ಹೆಸರು ‘ಕಟ್ಟೆ’ ಎಂದು ಮೊಟಕಾಗುತ್ತದೆ. ಆಗ ‘ತಾತ ಕಟ್ಟೆಗೆ ಹೋದರು’ ಎಂಬ ಮಾತು ಎಂಬತ್ತರ ಮನುಷ್ಯನ ವಿಷಯದಲ್ಲಿ ಆಡುವಂಥದ್ದಲ್ಲ. ಉರ್ದು, ತಮಿಳು ಮನೆಗಳಿಂದ ಬರುವವರಿದ್ದರೆ ಅವರ ಬಾಯಲ್ಲೂ ಒಮ್ಮೆ ಹೇಳಿಸಿ ನೋಡಿ.

ಮೂರನೆಯದು ವಾಕ್ಯದ ಪರೀಕ್ಷೆ. ಆರೆಂಟು ಹಿರಿಯರನ್ನೂ ಅವರ ಮನೆಯವರನ್ನೂ ಬೇರೆಬೇರೆಯಾಗಿ ಮಾತಾಡಿಸಿ. ‘ಹೆಸರು ಹೇಗಿದೆ?’ ಎಂದು ಕೇಳಬೇಡಿ. ಮುಖ ನೋಡಿ ‘ಚೆನ್ನಾಗಿದೆ ಬಿಡಿ’ ಅನ್ನುತ್ತಾರೆ. ಬದಲಿಗೆ ಸಂದರ್ಭ ಕೊಡಿ. ಸೊಸೆಗೆ: ‘ನಾದಿನಿ ಫೋನ್ ಮಾಡಿ ಅತ್ತೆ ಎಲ್ಲಿ ಅಂತ ಕೇಳಿದ್ರು, ಏನಂತೀರಿ?’ ಹಿರಿಯರಿಗೆ: ‘ನಾಳೆ ಕೈವಾರಕ್ಕೆ ಹೋಗಬೇಕು, ಕೇಂದ್ರಕ್ಕೆ ಬರಲ್ಲ ಅಂತ ಡ್ರೈವರ್‌ಗೆ ಹೇಗೆ ಹೇಳ್ತೀರಿ?’ ಮೊಮ್ಮಗುವಿಗೆ: ‘ನಿಮ್ಮ ತಾತ ಹಗಲು ಏನ್ಮಾಡ್ತಾರೆ ಅಂತ ಮಿಸ್ ಕೇಳಿದ್ರೆ?’ ಅವರು ಬಳಸಿದ ಕ್ರಿಯಾಪದವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ‘ಹೊಂಗೆ ನೆರಳಿಗೆ ಹೋಗವ್ರೆ’ ಎಂಬುದು ತಡೆಯಿಲ್ಲದೆ ಬರುತ್ತದೆ. ‘ಹೊಂಗೆ ನೆರಳಿಗೆ ಹಾಕಿದೀವಿ’ ಎಂದು ಹೇಳಲು ಹೋದರೂ ನಾಲಿಗೆ ಒಪ್ಪುವುದಿಲ್ಲ. ‘ಹಿರಿಯರ ಜಗಲಿ’ಯೂ ಇದರಲ್ಲಿ ಗೆಲ್ಲುತ್ತದೆ, ಆದರೆ ಜಗಲಿ ಮನೆಯ ಹೊರಗಿನದು, ‘ಒಳಗೆ ಜಾಗವಿಲ್ಲದೆ ಜಗಲಿಗೆ ಕಳಿಸಿದರಾ?’ ಎಂದು ಕುಹಕವಾಡುವ ನೆಂಟರು ಎಲ್ಲ ಮನೆಯಲ್ಲೂ ಒಬ್ಬರಿರುತ್ತಾರೆ.

ಮೂರು ದಿನ ಬಿಟ್ಟು ಅದೇ ಹಿರಿಯರನ್ನು ‘ಆವತ್ತು ಹೇಳಿದ್ನಲ್ಲ, ಹೆಸರೇನು?’ ಎಂದು ಕೇಳಿ. ‘ಒಂಗೆ ಮರ ಅಂತ ಏನೋ’ ಎಂದರೆ ಸಾಕು. ತಿರುಚಿ ಹೇಳಿದರೂ ಗುರುತು ಸಿಗುವ ಹೆಸರು ಒಳ್ಳೆಯದೇ.

ಇಷ್ಟಾದ ಮೇಲೆ ‘ಹೊಂಗೆ ನೆರಳು’ ನಿಲ್ಲುತ್ತದೆ, ಆವರಣದಲ್ಲಿ ಹೊಂಗೆ ಮರ ಇದ್ದರೆ ಮಾತ್ರ. ಈಗ ಸಸಿ ನೆಟ್ಟರೆ ಕೆಳಗೆ ಕುರ್ಚಿ ಹಾಕುವಷ್ಟು ನೆರಳಿಗೆ ನಾಲ್ಕೈದು ವರ್ಷವಾದರೂ ಬೇಕು. ತಗಡಿನ ಶೀಟಿನ ಅಡಿ ಕೂರಿಸಿ ನೆರಳು ಎಂದರೆ ಹಿರಿಯರೇ ಮೊದಲು ನಗುವುದು.

ರಾತ್ರಿಯೂ ಉಳಿಯುವ ಕೇಂದ್ರವಾದರೆ ಲೆಕ್ಕ ಸ್ವಲ್ಪ ಬೇರೆ. ಅಲ್ಲಿ ‘ಹೋಗಿದ್ದಾರೆ’ಗಿಂತ ‘ಇದ್ದಾರೆ’ ಹೊಂದಬೇಕು. ‘ನಿಲಯ’ಕ್ಕೆ ವಿದ್ಯಾರ್ಥಿ ನಿಲಯದ ವಾಸನೆ ಅಂಟಿದೆ, ‘ನಿವಾಸ’ ವಾಸಿ. ಊರ ಬೆಟ್ಟದ, ಕೆರೆಯ ಹೆಸರಿನ ಜೊತೆ ‘ನಿವಾಸ’ ಸೇರಿಸಿದರೆ ಅದು ಬರೀ ಒಂದು ವಿಳಾಸವಾಗುತ್ತದೆ. ಕುಟುಂಬಕ್ಕೆ ಬೇಕಿರುವುದೂ ಅದೇ.

ನೋಂದಣಿ, ಬೋರ್ಡು, ವ್ಯಾನು

ನೋಂದಾಯಿತ ಹೆಸರೂ ಗೇಟಿನ ಹೆಸರೂ ಒಂದೇ ಇರಬೇಕೆಂದಿಲ್ಲ. ದಾನಿಗಳ ನೆನಪಿಗೆ ‘ದಿವಂಗತ ಇಂಥವರ ಸ್ಮಾರಕ ಟ್ರಸ್ಟ್’ ಎಂದು ಉಪನೋಂದಣಾಧಿಕಾರಿ ಕಚೇರಿಯಲ್ಲಿ ಪತ್ರ ಮಾಡಿಸಿ, ತೊಂದರೆಯಿಲ್ಲ. ಆದರೆ ‘ದಿವಂಗತ’, ‘ಸ್ಮಾರಕ’ ಎರಡೂ ಗೇಟಿಗೆ ಬರಬಾರದು. ಒಳಗೆ ಕಚೇರಿಯ ಗೋಡೆಯ ಮೇಲೆ ಫಲಕ ಇರಲಿ. ಸಂಘವಾದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ 7 ಮಂದಿ ಬೇಕು, ಈಗಾಗಲೇ ಇರುವ ಸಂಘದ ಹೆಸರನ್ನು ಹೋಲುವಂತಿದ್ದರೆ ಒಪ್ಪುವುದಿಲ್ಲ. ಆದ್ದರಿಂದ ಎರಡು ಹೆಸರು ಹೆಚ್ಚಿಗೆ ಇಟ್ಟುಕೊಂಡು ಹೋಗಿ. ಟ್ರೇಡ್‌ಮಾರ್ಕ್ ಹುಡುಕಾಟ ಆನ್‌ಲೈನ್‌ನಲ್ಲಿ ಉಚಿತ. ಹಿರಿಯರ ವಸತಿ 43ನೇ ವರ್ಗ, ಶುಶ್ರೂಷಾ ಗೃಹ 44ನೇ ವರ್ಗ. ಅನುದಾನದ ಅರ್ಜಿಯಲ್ಲಿ ಮಾತ್ರ ಯೋಜನೆಯ ಪದವನ್ನೇ, ಅದು ‘ವೃದ್ಧಾಶ್ರಮ’ ಆಗಿದ್ದರೂ, ಬರೆಯಿರಿ; ಕಡತಕ್ಕೆ ಚೆಂದದ ಹೆಸರು ಅರ್ಥವಾಗುವುದಿಲ್ಲ.

ಬೋರ್ಡಿನಲ್ಲಿ ಶೇ 60 ಕನ್ನಡ, ಅದೂ ಮೇಲ್ಭಾಗದಲ್ಲಿ ಇರಬೇಕೆಂದು ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿ ಹೇಳುತ್ತದೆ, ಟ್ರಸ್ಟ್‌ಗಳಿಗೂ ಇದು ಅನ್ವಯ. ದೊಡ್ಡದಾಗಿ ಹೆಸರು, ಕೆಳಗೆ ಚಿಕ್ಕದಾಗಿ ‘ಹಿರಿಯರ ಹಗಲು ಕೇಂದ್ರ’, ಅಷ್ಟೇ. ಹತ್ತು ಅಡಿ ದೂರಕ್ಕೆ ಒಂದು ಅಂಗುಲ ಎತ್ತರದ ಅಕ್ಷರ ಎಂಬುದು ಬೋರ್ಡು ಬರೆಯುವವರ ಲೆಕ್ಕ. ಹಿರಿಯರ ಕಣ್ಣಿಗೆ ಅದರ ಎರಡರಷ್ಟು ಇಡಿ. ಕೈ ಮುಗಿದು ಕೂತ ಮುದುಕಿ, ಊರುಗೋಲು, ಮುಳುಗುವ ಸೂರ್ಯನ ಚಿತ್ರ ಬೇಡ.

ಬೋರ್ಡಿಗಿಂತ ಮುಖ್ಯವಾದದ್ದು ವ್ಯಾನು. ಅದು ಬೆಳಿಗ್ಗೆ ಎಂಟೂವರೆಗೆ ಮನೆ ಮುಂದೆ ನಿಂತಾಗ ಎದುರು ಮನೆಯವರು ರಂಗೋಲಿ ಬಿಟ್ಟು ತಲೆ ಎತ್ತಿ ಅದರ ಮೇಲಿರುವುದನ್ನು ಓದುತ್ತಾರೆ. ಅಲ್ಲಿ ‘ಹೊಂಗೆ ನೆರಳು, ಕೋಲಾರ’ ಮತ್ತು ಫೋನ್ ನಂಬರ್ ಮಾತ್ರ ಇರಲಿ. ‘ವೃದ್ಧರ ಸೇವೆಯಲ್ಲಿ’ ಎಂಬ ಸಾಲು, ದಾನಿಗಳ ಪಟ್ಟಿ ಬೇಡ.

ಮೊಬೈಲಿನಲ್ಲಿ ಹುಡುಕುವವರು ಮಾತ್ರ ‘ವೃದ್ಧಾಶ್ರಮ’ ಎಂದೇ ಟೈಪ್ ಮಾಡುತ್ತಾರೆ. ನಕ್ಷೆಯಲ್ಲಿ ಹೆಸರಿನ ಜಾಗಕ್ಕೆ ಹೆಸರನ್ನೇ ಹಾಕಿ, ಆ ಪದವನ್ನು ವಿವರಣೆಯಲ್ಲಿ ಸೇರಿಸಿ. ಶುಲ್ಕ ಕಟ್ಟಿದವರಿಗೆ ದೇಣಿಗೆ ರಸೀದಿ ಹರಿದು ಕೊಡುವ ಅಭ್ಯಾಸ ಇದ್ದರೆ ನಿಲ್ಲಿಸಿ: ಆ ರಸೀದಿಯಲ್ಲಿ ಕುಟುಂಬ ದುಡ್ಡು ಕೊಟ್ಟೂ ಹಂಗಿನಲ್ಲಿರುವಂತೆ ಕಾಣುತ್ತದೆ. ಶುಲ್ಕದ ರಸೀದಿ ಪುಸ್ತಕ ಬೇರೆಯೇ ಮಾಡಿಸಿ, ಮೇಲೆ ಗೇಟಿನ ಹೆಸರು, ಕೆಳಗೆ ಸಣ್ಣ ಅಕ್ಷರದಲ್ಲಿ ಟ್ರಸ್ಟಿನ ಹೆಸರು ಹಾಕಿಸಿ. ‘ಫಲಾನುಭವಿಯ ಹೆಸರು’ ಎಂಬ ಕಾಲಂ ತೆಗೆದು ‘ಶ್ರೀ / ಶ್ರೀಮತಿ’ ಎಂದು ಅಚ್ಚು ಹಾಕಿಸಿದರೆ ಸಾಕು.